ಒಂದೇ ಮನೆಯಲ್ಲಿ ಇಬ್ಬರಿಗೆ ಬೆರಳು ಬೆಳ್ಳಗಾದರೆ: ಮಗಳದ್ದು ಬೇರೆ, ಅಮ್ಮನದ್ದು ಬೇರೆ

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಮಾದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಎರಡು ವರ್ಷದಿಂದ ಚಳಿಗಾಲದಲ್ಲಿ, ಗಾಳಿಮಳೆಯಲ್ಲಿ ನನ್ನ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಆಮೇಲೆ ನೀಲಿಯಾಗುತ್ತವೆ. ಬಲಗೈ ತೋರುಬೆರಳು, ಮಧ್ಯದ ಬೆರಳಲ್ಲಿ ಜಾಸ್ತಿ. ಕಾಲಿನ ಬೆರಳಿಗೂ ಆಗುತ್ತೆ. ಕಳೆದ ಡಿಸೆಂಬರಿನಲ್ಲಿ ಬೆರಳ ತುದಿಯಲ್ಲಿ ಒಂದು ಸಣ್ಣ ಗಾಯ ಆಗಿ ಒಂದೂವರೆ ತಿಂಗಳು ವಾಸಿಯಾಗಲಿಲ್ಲ. ಮದುವೆ ಉಂಗುರ ಈಗ ಹೋಗ್ತಾ ಇಲ್ಲ. ಅರೆತಲೆನೋವಿಗೆ ಮೂರು ವರ್ಷದಿಂದ ಪ್ರೊಪ್ರನಲಾಲ್, ಎದೆಯುರಿಗೆ ಆಗಾಗ ಗ್ಯಾಸ್ ಮಾತ್ರೆ ತಗೋತೀನಿ. ನನ್ನ ಮಗಳಿಗೆ 19. ಅವಳಿಗೂ ಹದಿನೈದರಿಂದ ಎರಡೂ ಕೈ ಹೀಗೇ ಆಗುತ್ತೆ, ಹತ್ತು ನಿಮಿಷದಲ್ಲಿ ಸರಿಯಾಗುತ್ತೆ. ಎಲ್ಲರೂ ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಡ್ತಾರೆ. ಇದು ವಂಶದ್ದಾ, ರಕ್ತ ಸಂಚಾರದ ತೊಂದರೆಯಾ? ಹೆದರಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳದ್ದು ಬಹುಶಃ ಕಿರಿಕಿರಿ ಕೊಡುವ, ಆದರೆ ಅಪಾಯವಿಲ್ಲದ ತೊಂದರೆ. ನಿಮ್ಮದನ್ನು ನಾನು ಹಾಗೆ ಅಂತ ಬಿಡಲಾರೆ. ನೀವು ಈ ತಿಂಗಳೊಳಗೆ ರುಮಟಾಲಜಿಸ್ಟ್ ಒಬ್ಬರನ್ನು ನೋಡಬೇಕು. ಇವರು ಕೀಲು ಮತ್ತು ಅದಕ್ಕೆ ಸೇರಿದ ರೋಗನಿರೋಧಕ ತೊಂದರೆಗಳ ತಜ್ಞರು. ಮೈಸೂರು ಅಥವಾ ಮಂಗಳೂರಿನಲ್ಲಿ ಸಿಗುತ್ತಾರೆ. ಅಷ್ಟರೊಳಗೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಮೊದಲ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬಹುದು.

ಒಂದೇ ಬಣ್ಣ, ಒಂದೇ ಮನೆ, ಆದರೂ ಯಾಕೆ ಎರಡು ಉತ್ತರ? ಇದು ಅರ್ಥವಾಗಬೇಕಾದರೆ ಬೆರಳೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು.

ನಮ್ಮ ಬೆರಳ ತುದಿಗಳಲ್ಲಿ ರಕ್ತ ಹರಿಯುವುದು ಬೆರಳಿಗೆ ಆಹಾರ ಕೊಡುವುದಕ್ಕೆ ಮಾತ್ರ ಅಲ್ಲ, ಮೈಯ ಬಿಸಿಯನ್ನು ಹೊರಗೆ ಬಿಡುವುದಕ್ಕೂ ಹೌದು. ಚಳಿ ಬಿದ್ದಾಗ ದೇಹ ಬಿಸಿಯನ್ನು ಉಳಿಸಿಕೊಳ್ಳಬೇಕು. ಆಗ ಬೆರಳಿನ ಸಣ್ಣ ರಕ್ತನಾಳಗಳು ಸಂಕುಚಿತವಾಗುತ್ತವೆ. ಇದು ಎಲ್ಲರಿಗೂ ಆಗುತ್ತದೆ, ಎಲ್ಲರ ಕೈಯೂ ತಣ್ಣಗಾಗುತ್ತದೆ. ಕೆಲವರಲ್ಲಿ ಮಾತ್ರ ಈ ಸಂಕೋಚನ ಅತಿಯಾಗಿ, ರಕ್ತ ಪೂರ್ತಿ ನಿಂತೇ ಹೋಗುತ್ತದೆ. ಆಗ ಬೆರಳು ಬೆಳ್ಳಗಾಗುತ್ತದೆ. ಒಳಗೆ ಉಳಿದ ರಕ್ತದ ಆಮ್ಲಜನಕ ಖರ್ಚಾದಾಗ ನೀಲಿ. ನಾಳ ತೆರೆದು ರಕ್ತ ಒಮ್ಮೆಲೇ ನುಗ್ಗಿದಾಗ ಕೆಂಪು, ಜೊತೆಗೆ ಉರಿ, ಜುಮುಜುಮು. ಇದನ್ನು ರೇನೋ ಅನ್ನುತ್ತೇವೆ. 1862ರಲ್ಲಿ ಪ್ಯಾರಿಸಿನ ಮೊರಿಸ್ ರೇನೋ ಎಂಬ ವೈದ್ಯ ಮೊದಲು ಬರೆದದ್ದರಿಂದ ಆ ಹೆಸರು. ಮೂರೂ ಬಣ್ಣ ಎಲ್ಲರಲ್ಲೂ ಕಾಣಿಸಬೇಕೆಂದಿಲ್ಲ. ಮೈಬಣ್ಣ ಸ್ವಲ್ಪ ಕಪ್ಪಾಗಿರುವವರಲ್ಲಿ ಕೆಂಪು ಕಾಣಿಸದೆ, ಬೆರಳು ಬರೀ ಬೂದಿಬಣ್ಣಕ್ಕೆ ತಿರುಗಿದಂತೆ ಕಾಣಬಹುದು. ಅಂಥವರು ಉಗುರ ಕೆಳಗಿನ ಬಣ್ಣ ಮತ್ತು ಅಂಗೈ ಕಡೆಯ ಬೆರಳ ತುದಿಯನ್ನು ನೋಡಬೇಕು. ಅಲ್ಲಿ ಬಣ್ಣ ಸುಳ್ಳು ಹೇಳುವುದಿಲ್ಲ.

ಒಂದು ಗುರುತು ಗಮನಿಸಿ. ರೇನೋದಲ್ಲಿ ಬೆಳ್ಳಗಾದ ಭಾಗಕ್ಕೂ ಸರಿ ಇರುವ ಭಾಗಕ್ಕೂ ನಡುವೆ ಗೆರೆ ಎಳೆದ ಹಾಗೆ ಗಡಿ ಇರುತ್ತದೆ. ರಕ್ತಹೀನತೆಯಲ್ಲಿ ಹಾಗಲ್ಲ. ಅಲ್ಲಿ ಅಂಗೈ, ನಾಲಿಗೆ, ಕಣ್ಣ ರೆಪ್ಪೆಯ ಒಳಭಾಗ ಎಲ್ಲ ಒಂದೇ ಸಮ ಸಪ್ಪೆಯಾಗಿರುತ್ತವೆ, ಅದೂ ದಿನವಿಡೀ. ಕಬ್ಬಿಣದ ಮಾತ್ರೆ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಅದನ್ನು ಏರಿಸುತ್ತದೆ, ಬೆರಳಿನ ನಾಳದ ಸೆಡೆತವನ್ನು ಬಿಡಿಸುವುದಿಲ್ಲ. ಹಾಗಾಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಸುಮ್ನೆ ಆ ಮಾತ್ರೆ ನುಂಗುತ್ತಾ ಹೋಗಬೇಡಿ.

ಕೊಡಗಿನಲ್ಲಿ ಇದು ಯಾಕೆ ಜಾಸ್ತಿ ಕಣ್ಣಿಗೆ ಬೀಳುತ್ತದೆ ಅಂದರೆ, ಇಲ್ಲಿ ಚಳಿಗಿಂತ ತೇವದ ಹೊಡೆತ ಜೋರು. ಕಕ್ಕಡದ ಮಳೆಯಲ್ಲಿ ಒದ್ದೆಯಾದ ಬಟ್ಟೆಯಲ್ಲಿ ಗಾಳಿಗೆ ನಿಂತರೆ, ಡಿಸೆಂಬರಿನ ಬೆಳಗ್ಗೆ ಇಬ್ಬನಿ ಕೂತ ಗಿಡದಿಂದ ಅರೇಬಿಕಾ ಕುಯ್ದರೆ, ಪಲ್ಪರ್ ಆದ ಕಾಫಿಯನ್ನು ತಣ್ಣೀರಿನಲ್ಲಿ ತೊಳೆದರೆ, ಬೆರಳಿನ ಬಿಸಿ ಬೇಗ ಇಳಿಯುತ್ತದೆ. ಬೆರಳು ಹೀಗೆ ಬೆಳ್ಳಗಾಗುವ ದಾಳಿ ಶುರುವಾಗಲು ಥರ್ಮಾಮೀಟರ್ ಕೆಳಗಿಳಿಯಬೇಕಾಗಿಲ್ಲ. ಬಿಸಿ ಜಾಗದಿಂದ ತಣ್ಣನೆಯ ಜಾಗಕ್ಕೆ ಹೋದದ್ದೇ ಸಾಕು. ಫ್ರಿಜ್ಜಿನಿಂದ ಹಾಲು ತೆಗೆದರೂ ಕೆಲವರಿಗೆ ಆಗುತ್ತದೆ. ಗಾಬರಿ, ಕೋಪ, ಪರೀಕ್ಷೆಯ ಆತಂಕ ಕೂಡ ಸಾಕು.

ಈಗ ಮಗಳ ವಿಷಯ. ಹದಿಹರೆಯದಲ್ಲಿ ಶುರುವಾದದ್ದು, ಎರಡೂ ಕೈಗೆ ಒಂದೇ ಸಮನಾಗಿ ಬರುವುದು, ಹತ್ತು ನಿಮಿಷದಲ್ಲಿ ಇಳಿಯುವುದು, ಗಾಯವಿಲ್ಲ, ಊತವಿಲ್ಲ. ಇವೆಲ್ಲ ಪ್ರೈಮರಿ ರೇನೋದ, ಅಂದರೆ ಒಳಗೆ ಬೇರೆ ರೋಗವಿಲ್ಲದೆ ತಾನಾಗಿ ಬರುವ ರೇನೋದ ಲಕ್ಷಣ. ನೂರು ಜನರಲ್ಲಿ ಮೂರರಿಂದ ಐದು ಜನರಿಗೆ ಇರುವಷ್ಟು ಸಾಮಾನ್ಯ ಇದು. ಹೆಂಗಸರಲ್ಲಿ ಜಾಸ್ತಿ, ಒಂದೇ ಕುಟುಂಬದಲ್ಲಿ ಹಲವರಿಗೆ ಇರುವುದೂ ಉಂಟು. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತರೊಳಗೆ ಶುರುವಾಗುತ್ತದೆ, ಹೆಬ್ಬೆರಳು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆ. ನಾಳ ಸರಿಯಾಗಿದೆ, ಅದರ ಮೇಲಿನ ಹಿಡಿತ ಮಾತ್ರ ಅತಿ.

ನಿಮ್ಮದು ಬೇರೆ ಇರಬಹುದು ಅಂತ ನಾನು ಅನುಮಾನಿಸುವುದು ನಾಲ್ಕು ವಿಷಯಕ್ಕೆ. ನಲವತ್ತು ದಾಟಿದ ಮೇಲೆ ಮೊದಲ ಸಲ ಶುರುವಾಗಿದೆ. ಒಂದು ಕೈಯಲ್ಲಿ, ಎರಡು ಬೆರಳಲ್ಲಿ ಜಾಸ್ತಿ. ಬೆರಳ ತುದಿಯಲ್ಲಿ ಗಾಯ ಆಗಿ ವಾಸಿಯಾಗದೆ ಉಳಿದಿತ್ತು. ಉಂಗುರ ಬಿಗಿಯಾಗಿದೆ. ಇದರಲ್ಲಿ ಕಡೆಯ ಎರಡು ನನಗೆ ತುಂಬಾ ಮುಖ್ಯ. ನಿಮ್ಮ ತೋಟಕ್ಕೆ ಹೂಮಳೆಗೆ ಸ್ಪ್ರಿಂಕ್ಲರ್ ಹಾಕಿದ್ದರೆ ಈ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ. ವಾಲ್ವ್ ಬಿಗಿಯಾಗಿದ್ದರೆ ನೀರು ನಿಲ್ಲುತ್ತದೆ, ತಿರುಗಿಸಿದರೆ ಮತ್ತೆ ಸರಾಗ. ಆದರೆ ಪೈಪಿನ ಒಳಗೇ ಪಾಚಿ ಕಟ್ಟಿ ಸಂದು ಕಿರಿದಾಗಿದ್ದರೆ ವಾಲ್ವ್ ತೆರೆದರೂ ಕೊನೆಯ ತಲೆಗೆ ನೀರು ಸರಿಯಾಗಿ ಬರುವುದಿಲ್ಲ. ಮಗಳ ಬೆರಳಲ್ಲಿ ವಾಲ್ವಿನ ತೊಂದರೆ. ನಿಮ್ಮಲ್ಲಿ ಪೈಪಿನದ್ದೇ ತೊಂದರೆ ಇರಬಹುದು. ಹಾಗಿದ್ದರೆ ತುದಿಯ ಚರ್ಮಕ್ಕೆ ರಕ್ತ ಸಾಲದೆ ಗಾಯ ಆಗುತ್ತದೆ, ಬೇಗ ಮಾಯುವುದಿಲ್ಲ.

ಪ್ರೊಪ್ರನಲಾಲ್ ಬಗ್ಗೆ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಅದನ್ನು ಬಹಳ ಜನ ಮರೆಯುತ್ತಾರೆ. ಆ ಔಷಧ ಕೈಕಾಲು ತಣ್ಣಗಾಗಿಸುತ್ತದೆ, ರೇನೋ ಹೆಚ್ಚಿಸುತ್ತದೆ. ಅರೆತಲೆನೋವಿಗೆ ಕೊಡುವ ಎರ್ಗೋಟಮಿನ್ ಮಾತ್ರೆಗಳೂ ಹಾಗೆ. ಮಳೆಗಾಲದ ನೆಗಡಿಗೆ ಅಂಗಡಿಯಿಂದ ತರುವ ಮೂಗು ಬಿಡಿಸುವ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಕೂಡ ನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ಬಣ್ಣ ಬದಲಾಗುವುದಕ್ಕೆ ಪ್ರೊಪ್ರನಲಾಲ್ ಒಂದು ಕಾರಣ ಇರಬಹುದು. ಆದರೆ ಊದಿದ ಬೆರಳಿಗೆ ಅದು ಕಾರಣ ಅಲ್ಲ. ವೈದ್ಯರ ಜೊತೆ ಮಾತಾಡಿ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಿ. ನಿಮ್ಮಷ್ಟಕ್ಕೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಹೃದಯಬಡಿತ, ರಕ್ತದೊತ್ತಡ ಏರಬಹುದು. ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಬೇಕು.

ವೈದ್ಯರ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಕಿಟಕಿಯ ಬೆಳಕಿನಲ್ಲಿ ನಿಮ್ಮ ಕೈ ನೋಡಿಕೊಳ್ಳಿ. ಎರಡೂ ಅಂಗೈ ಜೋಡಿಸಿ ನಮಸ್ಕಾರ ಮಾಡಿ. ಬೆರಳುಗಳು ಪೂರ್ತಿ ಒಂದಕ್ಕೊಂದು ಅಂಟುತ್ತವಾ, ನಡುವೆ ಸಂದು ಉಳಿಯುತ್ತದಾ? ಬೆರಳ ಹಿಂಭಾಗದ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತಿ ನೋಡಿ. ಮಗಳ ಬೆರಳಲ್ಲೂ ಹಾಗೇ ಮಾಡಿ. ಅವಳದ್ದು ಸಡಿಲವಾಗಿ ಮೇಲೆ ಬಂದು, ನಿಮ್ಮದು ಎಳೆದು ಕಟ್ಟಿದ ಹಾಗೆ ಬಿಗಿಯಾಗಿದ್ದರೆ, ಅದನ್ನು ವೈದ್ಯರಿಗೆ ಹೇಳಲೇಬೇಕು. ಬೆರಳ ತುದಿಯ ಮೆತ್ತನೆ ಭಾಗದಲ್ಲಿ ಸೂಜಿ ಚುಚ್ಚಿದ ಗಾತ್ರದ ಸಣ್ಣ ಗುಳಿಗಳಿವೆಯಾ? ಮುಖದಲ್ಲಿ, ಅಂಗೈಯಲ್ಲಿ ಕೆಂಪು ಚುಕ್ಕೆಗಳಿವೆಯಾ? ದಾಳಿ ಬಂದಾಗ ಹಿಂದೆ, ಮುಂದೆ ಎರಡೂ ಕಡೆಯಿಂದ ಹಗಲು ಬೆಳಕಿನಲ್ಲಿ ಫೋನಿನಲ್ಲಿ ಫೋಟೋ ತೆಗೆದಿಡಿ. ನೀವು ಆಸ್ಪತ್ರೆ ತಲುಪುವ ಹೊತ್ತಿಗೆ ಕೈ ಬಿಸಿಯಾಗಿ ಮಾಮೂಲಾಗಿರುತ್ತದೆ, ವೈದ್ಯರಿಗೆ ನೋಡಲು ಏನೂ ಇರುವುದಿಲ್ಲ. ಮಂಜುಗಡ್ಡೆ ನೀರಲ್ಲಿ ಕೈಯಿಟ್ಟು ದಾಳಿ ಬರಿಸಿ ತೋರಿಸುವ ಅಗತ್ಯ ಇಲ್ಲ, ಅದರಿಂದ ತೊಂದರೆ ಜಾಸ್ತಿ.

ಆಮೇಲೆ ತಜ್ಞರು ಮಾಡುವ ಒಂದು ಪರೀಕ್ಷೆ ನನಗೆ ಯಾವತ್ತೂ ಬೆರಗು ಹುಟ್ಟಿಸುತ್ತದೆ. ಉಗುರಿನ ಬುಡದ ಚರ್ಮದ ಮೇಲೆ ಒಂದು ಹನಿ ಎಣ್ಣೆ ಅಥವಾ ಜೆಲ್ ಹಾಕಿ ಭೂತಗನ್ನಡಿಯಂಥ ಉಪಕರಣದಿಂದ ನೋಡುತ್ತಾರೆ. ಚರ್ಮ ಪಾರದರ್ಶಕವಾಗಿ ಒಳಗಿನ ಅತಿ ಸಣ್ಣ ರಕ್ತನಾಳಗಳು ಕಣ್ಣಿಗೆ ಬೀಳುತ್ತವೆ. ಆರೋಗ್ಯವಂತರಲ್ಲಿ ಅವು ಸಾಲಾಗಿ ನೆಟ್ಟ ತಲೆಪಿನ್ನುಗಳಂತೆ, ಒಂದು ಮಿಲಿಮೀಟರಿನಲ್ಲಿ ಏಳೋ ಅದಕ್ಕಿಂತ ಹೆಚ್ಚೋ, ಒಂದೇ ಗಾತ್ರದಲ್ಲಿ ನಿಂತಿರುತ್ತವೆ. ಒಳಗೆ ರೋಗ ಇರುವವರಲ್ಲಿ ಕೆಲವು ಊದಿ ದಪ್ಪವಾಗಿರುತ್ತವೆ, ನಡುನಡುವೆ ಸಾಲು ಖಾಲಿ ಬಿದ್ದಿರುತ್ತದೆ, ಸಣ್ಣ ರಕ್ತದ ಕಲೆಗಳಿರುತ್ತವೆ. ಸೂಜಿ ಇಲ್ಲ, ನೋವಿಲ್ಲ. ಎಲ್ಲ ಕಡೆ ಈ ಉಪಕರಣ ಇರುವುದಿಲ್ಲ. ಚರ್ಮ ನೋಡುವ ಡರ್ಮಟೋಸ್ಕೋಪ್ ಇದ್ದರೂ ಕೆಲಸ ಆಗುತ್ತದೆ, ಕೇಳಿ ನೋಡಿ. ಕೈಗೆ ಮೆಹಂದಿ, ನೇಲ್ ಪಾಲಿಶ್ ಹಾಕಿಕೊಂಡು ಹೋಗಬೇಡಿ, ಉಗುರ ಬುಡದ ಚರ್ಮ ಕತ್ತರಿಸಬೇಡಿ.

ಇದರ ಜೊತೆಗೆ ಒಂದು ರಕ್ತ ಪರೀಕ್ಷೆ, ಎಎನ್‌ಎ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಜೀವಕೋಶಗಳ ಮೇಲೆ ತಿರುಗಿಬಿದ್ದಿದೆಯಾ ಅಂತ ಇದು ಸುಳಿವು ಕೊಡುತ್ತದೆ. ಇದನ್ನು ಇಮ್ಯುನೋಫ್ಲೋರಸೆನ್ಸ್ ವಿಧಾನದಲ್ಲಿ ಮಾಡಿಸಿ. ಎಲೈಸಾ ವಿಧಾನ ಅಗ್ಗ, ಆದರೆ ಹೀಗೆ ತಿರುಗಿಬಿದ್ದ ಕೆಲವು ಮುಖ್ಯವಾದ ಪ್ರತಿಕಾಯಗಳು ಅದರಲ್ಲಿ ಕಾಣದೆ ಹೋಗಬಹುದು. ಫಲಿತಾಂಶ ನೋಡಿ ಮೊದಲೇ ಗಾಬರಿಯಾಗಬೇಡಿ. ತೆಳುವಾಗಿ ಪಾಸಿಟಿವ್, ಉದಾಹರಣೆಗೆ 1:80, ನೂರು ಜನ ಆರೋಗ್ಯವಂತರಲ್ಲಿ ಹತ್ತರಿಂದ ಹದಿಮೂರು ಜನರಲ್ಲಿ ಬರುತ್ತದೆ. ಅದು ಎತ್ತರವಾಗಿದ್ದು, ಉಗುರ ಬುಡವೂ ಕೆಟ್ಟಿದ್ದರೆ ಮಾತು ಬೇರೆ. 2008ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ, ರೇನೋ ಇದ್ದ 586 ಜನರನ್ನು ಸುಮಾರು ಇಪ್ಪತ್ತು ವರ್ಷದವರೆಗೆ ಗಮನಿಸಿತು. ಉಗುರ ಬುಡವೂ ಸರಿ, ರೋಗದ ಪ್ರತಿಕಾಯಗಳೂ ಇಲ್ಲ ಅಂದವರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ ಮಾತ್ರ ಮುಂದೆ ಒಳಗಿನ ರೋಗ ಬಂತು. ಎರಡೂ ಕೆಟ್ಟವರಲ್ಲಿ ನೂರಕ್ಕೆ ಸುಮಾರು ಎಂಬತ್ತು. ಈ ಎರಡು ಪರೀಕ್ಷೆಗಳನ್ನೇ ನಾನು ನಂಬುವುದು ಇದಕ್ಕೇ. ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ಇಎಸ್‌ಆರ್ ಸರಿ ಇದೆ ಅಂತ ಮಾತ್ರ ಸಮಾಧಾನ ಆಗಬೇಡಿ. ನಾನು ಅನುಮಾನಿಸುವ ರೋಗದಲ್ಲಿ ಅದು ಸಾಮಾನ್ಯವಾಗಿಯೇ ಇರಬಹುದು.

ಯಾವ ರೋಗ ಅಂತ ಹೇಳಲೇಬೇಕು. ಮುಖ್ಯವಾಗಿ ಸ್ಕ್ಲೀರೋಡರ್ಮ, ಅಂದರೆ ಚರ್ಮ ಮತ್ತು ಒಳಾಂಗಗಳು ಗಟ್ಟಿಯಾಗುತ್ತಾ ಹೋಗುವ ರೋಗ. ರೋಗನಿರೋಧಕ ಶಕ್ತಿ ತನ್ನ ಮೈಮೇಲೆಯೇ ತಿರುಗಿಬೀಳುವ ಲೂಪಸ್ ಮತ್ತು ಅದಕ್ಕೆ ಹತ್ತಿರದ ಕೆಲವು ರೋಗಗಳಲ್ಲೂ ರೇನೋ ಬರುತ್ತದೆ. ಸ್ಕ್ಲೀರೋಡರ್ಮದಲ್ಲಿ ಬೆರಳ ಬಣ್ಣವೇ ಬಹಳ ಸಲ ಮೊದಲ ಲಕ್ಷಣ. ಕೆಲವರಲ್ಲಿ ಬೇರೆ ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಹಾಗೇ ಇರುತ್ತದೆ. ನಿಮ್ಮ ಎದೆಯುರಿ ಕೂಡ ಇಲ್ಲಿ ಸೇರುವ ಸಾಧ್ಯತೆ ಇದೆ. ಅನ್ನನಾಳದ ಸ್ನಾಯು ಗಟ್ಟಿಯಾದರೆ ಆಹಾರ ಇಳಿಯುವುದು ನಿಧಾನವಾಗುತ್ತದೆ, ಹುಳಿ ಮೇಲೆ ಬರುತ್ತದೆ. ಎದೆಯುರಿ ಎಷ್ಟೋ ಜನರಿಗೆ ಇರುತ್ತದೆ, ಅದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ. ಆದರೆ ಉಳಿದವುಗಳ ಜೊತೆ ಸೇರಿದಾಗ ಅದಕ್ಕೆ ತೂಕ ಬರುತ್ತದೆ. ಅಕ್ಕಿ ರೊಟ್ಟಿಯಂಥ ಒಣ ಆಹಾರ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದಾ, ತೋಟದ ಏರು ಹತ್ತುವಾಗ ಮೊದಲಿಗಿಂತ ಬೇಗ ಉಸಿರು ಕಟ್ಟುತ್ತದಾ ಅಂತ ನೋಡಿಕೊಳ್ಳಿ. ಇಂಥವರಿಗೆ ಶ್ವಾಸಕೋಶದ ಸಿಟಿ, ಉಸಿರಾಟದ ಪರೀಕ್ಷೆ, ಹೃದಯದ ಎಕೋ ಮಾಡಿಸುತ್ತೇವೆ, ರೋಗ ಖಚಿತವಾದರೆ ಕೆಲವನ್ನು ವರ್ಷಕ್ಕೊಮ್ಮೆ. ಶ್ವಾಸಕೋಶ ಕೆಡುವುದನ್ನು ಮೊದಲೇ ಹಿಡಿದರೆ ತಡೆಯಲು ಔಷಧವಿದೆ, ತಡವಾಗಿ ಬಂದರೆ ಹೋದದ್ದನ್ನು ಮರಳಿ ತರಲಾಗುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆರಳು ಊದಿ, ಗಂಟು ನೋವಾದಾಗ ಊರಿನ ಕ್ಲಿನಿಕ್ಕಿನಲ್ಲಿ ಸ್ಟೆರಾಯ್ಡ್ ಕೊಟ್ಟರೆ ಎರಡೇ ದಿನಕ್ಕೆ ಹಿತವೆನಿಸುತ್ತದೆ. ನಿಮಗೆ ಸ್ಕ್ಲೀರೋಡರ್ಮ ಇಲ್ಲ ಅಂತ ಗೊತ್ತಾಗುವವರೆಗೆ ದಯವಿಟ್ಟು ಅದನ್ನು ನೀವಾಗಿ ತಗೋಬೇಡಿ. ಈ ರೋಗದಲ್ಲಿ ದಿನಕ್ಕೆ 15 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಪ್ರೆಡ್ನಿಸಲೋನ್ ಎಂಬ ಸ್ಟೆರಾಯ್ಡ್ ತಗೊಂಡರೆ ರಕ್ತದೊತ್ತಡ ಥಟ್ಟನೆ ಏರಿ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚುತ್ತದೆ. ಮನೆಯಲ್ಲಿ ಬಿಪಿ ಉಪಕರಣ ಇದ್ದರೆ ವಾರಕ್ಕೊಮ್ಮೆ ನೋಡಿ ಬರೆದಿಡಿ. ಬಿಪಿಯ ಮೇಲಿನ ಅಂಕಿ ಯಾವಾಗಲೂ 110 ಇರುವವರಿಗೆ ಇದ್ದಕ್ಕಿದ್ದಂತೆ 150 ಬಂದು ತಲೆನೋವೂ ಇದ್ದರೆ ಅದು ಆ ದಿನವೇ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಎಲ್ಲ ಬಿಳಿ ಬೆರಳೂ ರೋಗನಿರೋಧಕ ತೊಂದರೆ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮನೆಯವರೋ ತೋಟದ ಕೆಲಸದವರೋ ಮರಗಸಿಗೆ ಪವರ್ ಗರಗಸ, ಕಳೆಗೆ ಹುಲ್ಲು ಕತ್ತರಿಸುವ ಯಂತ್ರ ವರ್ಷಗಟ್ಟಲೆ ಹಿಡಿದಿದ್ದರೆ, ಅದರ ನಡುಕವೇ ಬೆರಳಿನ ನಾಳ ಮತ್ತು ನರಗಳನ್ನು ಹಾಳು ಮಾಡುತ್ತದೆ. ಯಂತ್ರ ಬಿಗಿಯಾಗಿ ಹಿಡಿಯುವ ಬೆರಳುಗಳಲ್ಲಿ ಬೆಳ್ಳಗಾಗುವುದು, ಮರಗಟ್ಟುವುದು ಶುರುವಾದ ಕೂಡಲೇ ಆ ಕೆಲಸದ ಅವಧಿ ಕಡಿಮೆ ಮಾಡಬೇಕು, ಇಲ್ಲವೇ ಬಿಡಬೇಕು. ಬೀಡಿ ಸೇದುವ ಗಂಡಸರಿಗೆ, ಇನ್ನೂ ನಲವತ್ತು ದಾಟದವರಿಗೂ, ಕಾಲಿನ ಬೆರಳು ಕಪ್ಪಾಗಿ ನಡೆಯುವಾಗ ಪಾದ ನೋಯುವ ಬರ್ಜರ್ ರೋಗ ಬರುತ್ತದೆ. ಅದಕ್ಕೆ ಮದ್ದು ಒಂದೇ, ಬೀಡಿ ಪೂರ್ತಿ ಬಿಡುವುದು. ಅರ್ಧ ಬಿಟ್ಟರೆ ಬೆರಳು ಉಳಿಯುವುದಿಲ್ಲ.

ಚಿಕಿತ್ಸೆಗೆ ಬಂದರೆ, ಕೈ ಮಾತ್ರ ಬೆಚ್ಚಗಿಟ್ಟರೆ ಸಾಲದು. ಹೊಟ್ಟೆ, ಎದೆ, ತಲೆ ಬೆಚ್ಚಗಿದ್ದರೆ ದೇಹವೇ ಬೆರಳಿಗೆ ರಕ್ತ ಬಿಡುತ್ತದೆ. ಒಂದರ ಮೇಲೊಂದು ತೆಳು ಬಟ್ಟೆ, ತಲೆಗೆ ಮಂಕಿ ಕ್ಯಾಪ್, ಒದ್ದೆಯಾದ ಕಾಲುಚೀಲ ಕೂಡಲೇ ಬದಲಾವಣೆ. ಕೈಗೆ ಐದು ಬೆರಳಿನ ಗ್ಲೌಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಚೀಲದಂಥ ಗ್ಲೌಸ್ ಹೆಚ್ಚು ಬೆಚ್ಚಗಿಡುತ್ತದೆ. ಕಾಫಿ ತೊಳೆಯುವಾಗ ಒಳಗೆ ಉಣ್ಣೆ, ಹೊರಗೆ ರಬ್ಬರ್. ಹೊರಗೆ ಹೋಗುವ ಮೊದಲೇ ಹಾಕಿಕೊಳ್ಳಿ. ಕೈ ತಣ್ಣಗಾದ ಮೇಲೆ ಹಾಕಿದರೆ ಒಳಗಿನ ಚಳಿಯನ್ನೇ ಉಳಿಸಿದ ಹಾಗೆ.

ದಾಳಿ ಬಂದರೆ ಗಾಳಿಯಿಂದ ಒಳಗೆ ಬನ್ನಿ, ಕಂಕುಳಲ್ಲಿ ಕೈ ಇಟ್ಟುಕೊಳ್ಳಿ ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ. ತೋಳನ್ನು ಭುಜದಿಂದ ದೊಡ್ಡ ವೃತ್ತವಾಗಿ ಬೀಸಿದರೂ ರಕ್ತ ತುದಿಗೆ ಇಳಿಯುತ್ತದೆ. ಒಲೆಯ ಮುಂದೆ, ಬಚ್ಚಲ ಬೆಂಕಿಯ ಹತ್ತಿರ ಚಾಚಬೇಡಿ. ಮರಗಟ್ಟಿದ ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ, ಬೊಬ್ಬೆ ಬಂದು ಕೂತಾಗಲೇ ತಿಳಿಯುವುದು.

ಮಗಳಿಗೆ ಬಹುಶಃ ಇಷ್ಟೇ ಸಾಕು. ಆದರೂ ಒಮ್ಮೆ ಉಗುರ ಬುಡ ನೋಡಿಸಿ, ಎಎನ್‌ಎ ಮಾಡಿಸಿ, ಸರಿ ಇದ್ದರೆ ಪದೇ ಪದೇ ಪರೀಕ್ಷೆ ಬೇಡ. ಬದಲಾವಣೆ ಕಂಡರೆ ಮಾತ್ರ ಮತ್ತೆ ಬನ್ನಿ. ನಿಮಗೆ ದಾಳಿಗಳು ಜಾಸ್ತಿಯಿದ್ದು ನೋವಿದ್ದರೆ ನಿಫೆಡಿಪಿನ್ ಅಥವಾ ಆಮ್ಲೋಡಿಪಿನ್ ಕೊಡಬಹುದು. ಇವು ಬಿಪಿ ಔಷಧಗಳೇ, ಆದರೆ ನಾಳವನ್ನು ಸಡಿಲ ಮಾಡುವುದರಿಂದ ಇಲ್ಲೂ ಉಪಯೋಗ. ನಿಫೆಡಿಪಿನ್ ಆದರೆ ನಿಧಾನವಾಗಿ ಕರಗುವ ಮಾತ್ರೆಯನ್ನೇ ಕೇಳಿ. ಬೇಗ ಕರಗುವುದು ಬಿಪಿಯನ್ನು ಥಟ್ಟನೆ ಇಳಿಸುತ್ತದೆ. ದಾಳಿಗಳು ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದು ಅಪರೂಪ. ಪಾದ ಊದುವುದು, ತಲೆ ಭಾರ, ಮುಖ ಬಿಸಿಯಾಗುವುದು ಆಗಬಹುದು, ಆಗ ಪ್ರಮಾಣ ಕಡಿಮೆ ಮಾಡಬೇಕು. ಗಾಯ ಮತ್ತೆ ಮತ್ತೆ ಆಗುವವರಿಗೆ ಬೇರೆ ಔಷಧಗಳಿವೆ, ಅದನ್ನು ತಜ್ಞರು ನಿರ್ಧರಿಸುತ್ತಾರೆ.

ತಜ್ಞರ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದ ಸಂದರ್ಭಗಳೂ ಇವೆ. ಬೆಚ್ಚಗೆ ಮಾಡಿದರೂ ಬೆರಳು ಒಂದೆರಡು ಗಂಟೆ ಬಿಳಿ ಅಥವಾ ನೀಲಿಯಾಗಿಯೇ ಉಳಿದು ನೋವು ಏರುತ್ತಾ ಹೋದರೆ, ತುದಿ ಕಪ್ಪಾಗತೊಡಗಿದರೆ, ಗಾಯದಲ್ಲಿ ಕೀವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋರು ನೋವಾಗಿ, ಬೆರಳು ಆಡಿಸಲು ಆಗದಿದ್ದರೆ ಅದು ರೇನೋ ಅಲ್ಲ. ದೊಡ್ಡ ರಕ್ತನಾಳ ಮುಚ್ಚಿದೆ. ಆ ಕಾಲನ್ನು ಉಳಿಸಿಕೊಳ್ಳಲು ಸಿಗುವುದು ಆರು ಗಂಟೆಯ ಆಸುಪಾಸು, ಮಾದಾಪುರದಿಂದ ಘಾಟಿ ಇಳಿದು ಮಂಗಳೂರಿಗೋ ಮೈಸೂರಿಗೋ ತಲುಪುವ ಹೊತ್ತು ಇದರೊಳಗೇ ಹೋಗುತ್ತದೆ. ಹಾಗಾಗಿ ಕಾಲಿಗೆ ಶಾಖ ಕೊಡುತ್ತಾ, ಎಣ್ಣೆ ಹಚ್ಚಿ ಉಜ್ಜುತ್ತಾ ಬೆಳಗಾಗಲಿ ಅಂತ ಕೂರಬೇಡಿ. ರಾತ್ರಿಯಾದರೂ 108ಕ್ಕೆ ಕರೆ ಮಾಡಿ, ರಕ್ತನಾಳದ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಬೇಕು ಅಂತ ಹೇಳಿ.